ಬಾಗಿಲ ಬೆಳಕಿನಲ್ಲಿ ಪ್ರೊಫೈಲ್ ಫೋಟೊ: ಮನೆಯಲ್ಲೇ ತೆಗೆಯುವ ಬಗೆ

ಕೆಲಸಕ್ಕೆ ಅರ್ಜಿ ಹಾಕುವವರು, ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆಯುವವರು ಮನೆಯಲ್ಲಿ ಫೋಟೊ ತೆಗೆಯುವಾಗ ಮೊದಲು ಮಾಡುವ ಕೆಲಸ ಟ್ಯೂಬ್‌ಲೈಟ್ ಹಾಕುವುದು. ಆಮೇಲೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲುವುದು. ಮುಖ ಮಂಕಾಗಲು ಈ ಎರಡೇ ಸಾಕು. ಟ್ಯೂಬ್‌ಲೈಟ್ ಇರುವುದು ತಲೆಯ ಮೇಲೆ. ಅದರ ಬೆಳಕು ಹಣೆಗೆ, ಮೂಗಿಗೆ ಬೀಳುತ್ತದೆ, ಕಣ್ಣಿನ ಗುಳಿಗೆ ಇಳಿಯುವುದಿಲ್ಲ. ಗೋಡೆಗೆ ಒರಗಿ ನಿಂತರೆ ನಿಮ್ಮದೇ ನೆರಳು ಕಿವಿಯ ಪಕ್ಕದಲ್ಲಿ ಕಪ್ಪಗೆ ಅಂಟಿಕೊಳ್ಳುತ್ತದೆ.

ಕಲಬುರಗಿ, ಬೀದರ, ಯಾದಗಿರಿ ಕಡೆಯ ಮನೆಗಳಲ್ಲಿ ಇದಕ್ಕಿಂತ ಎಷ್ಟೋ ಒಳ್ಳೆಯ ಬೆಳಕು ಇದೆ. ಅದು ಮುಂಬಾಗಿಲು. ಬಿಸಿಲಿಗೆ ಹೆದರಿ ಕಟ್ಟಿದ ಮನೆಗಳು ನಮ್ಮವು. ಗೋಡೆ ದಪ್ಪ, ಕಿಟಕಿ ಸಣ್ಣವು, ಅವಕ್ಕೂ ಸರಳು, ಬಣ್ಣದ ಗಾಜು, ಮೇಲೊಂದು ಪರದೆ. ಕಿಟಕಿಯ ಪಕ್ಕ ನಿಲ್ಲಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಇಂಥ ಕಿಟಕಿಯಿಂದ ಮುಖಕ್ಕೆ ಸಾಲುವಷ್ಟು ಬೆಳಕು ಬರುವುದೇ ಇಲ್ಲ. ಬಾಗಿಲು ಹಾಗಲ್ಲ. ಮೂರಡಿ ಅಗಲ, ಆರೂವರೆ ಏಳಡಿ ಎತ್ತರ, ಗಾಜಿಲ್ಲ, ಸರಳಿಲ್ಲ. ಬೆಳಕು ಬರುವ ಜಾಗ ದೊಡ್ಡದಾದಷ್ಟೂ ಮುಖದ ಮೇಲಿನ ನೆರಳು ಮೆತ್ತಗಾಗುತ್ತದೆ. ಸ್ಟುಡಿಯೊದಲ್ಲಿ ಲೈಟಿನ ಮುಂದೆ ದೊಡ್ಡ ಬಿಳಿ ಬಟ್ಟೆಯ ಡಬ್ಬಿ ಕಟ್ಟುವುದೂ ಇದಕ್ಕೇ. ಫೋಟೊ ತೆಗೆಯುವುದೇ ನನ್ನ ಕೆಲಸ. ಸ್ಟುಡಿಯೊಕ್ಕೆ ಬರಲಾಗದವರ ಮನೆಗೆ ಹೋದಾಗ ನಾನು ಮೊದಲು ನೋಡುವುದು ಬಾಗಿಲು ಯಾವ ದಿಕ್ಕಿಗಿದೆ ಅನ್ನುವುದನ್ನು.

ಹೊತ್ತು ಗೊತ್ತು ಮಾಡಿಕೊಳ್ಳಿ

ನಮಗೆ ಬೇಕಾದದ್ದು ಬಿಸಿಲು ಅಲ್ಲ, ಬಿಸಿಲಿಲ್ಲದ ಬೆಳಕು. ಬಾಗಿಲಿನಿಂದ ಬಿಸಿಲು ನೇರ ಒಳಗೆ ಬಂದು ನೆಲದ ಮೇಲೆ ಬಿದ್ದಿದ್ದರೆ ಆ ಹೊತ್ತು ಬೇಡ. ಮುಖದ ಮೇಲೆ ಚಾಕುವಿನಿಂದ ಕೊರೆದ ಹಾಗೆ ನೆರಳು ಬೀಳುತ್ತದೆ, ಕಣ್ಣು ಕಿರಿದಾಗುತ್ತವೆ. ಬಾಗಿಲು ಪೂರ್ವಕ್ಕಿದ್ದರೆ ಮಧ್ಯಾಹ್ನ 3ರಿಂದ 5ರವರೆಗೆ ತೆಗೆಯಿರಿ. ಆಗ ಸೂರ್ಯ ಮನೆಯ ಹಿಂದಕ್ಕೆ ಹೋಗಿರುತ್ತಾನೆ, ಮುಂದಿನ ಆಕಾಶ ಮಾತ್ರ ಬೆಳಗುತ್ತಿರುತ್ತದೆ. ಪಶ್ಚಿಮದ ಬಾಗಿಲಿಗೆ ಬೆಳಿಗ್ಗೆ 8ರಿಂದ 10. ಉತ್ತರದ ಬಾಗಿಲಿದ್ದವರಿಗೆ ಹೆಚ್ಚುಕಡಿಮೆ ಯಾವ ಹೊತ್ತೂ ನಡೆಯುತ್ತದೆ. ಬೇಸಿಗೆಯಲ್ಲಿ ಮುಂಜಾನೆ, ಸಂಜೆ ಸ್ವಲ್ಪ ಓರೆ ಬಿಸಿಲು ಬರುತ್ತದೆ, ಅಷ್ಟೇ. ದಕ್ಷಿಣದ ಬಾಗಿಲಿಗೆ ಮಾತ್ರ ಚಳಿಗಾಲದಲ್ಲಿ ತೊಂದರೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನಡುಮಧ್ಯಾಹ್ನವೂ ಬಿಸಿಲು ಒಳಗೆ ನುಗ್ಗುತ್ತದೆ. ಆಗ ಬಾಗಿಲಿಗೆ ತೆಳ್ಳನೆಯ ಬಿಳಿ ಧೋತರವನ್ನು ಒಂದೇ ಪದರ ಇಳಿಬಿಡಿ. ಬಿಸಿಲು ಬಟ್ಟೆಯಲ್ಲಿ ಹರಡಿ, ಬಾಗಿಲೇ ಒಂದು ದೊಡ್ಡ ದೀಪದ ಹಾಗಾಗುತ್ತದೆ.

ಏಪ್ರಿಲ್, ಮೇ ತಿಂಗಳ ನಡುಮಧ್ಯಾಹ್ನ ಮಾತ್ರ ಯಾವ ಬಾಗಿಲಿಗೂ ಬೇಡ. ಕಲಬುರಗಿಯಲ್ಲಿ ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೇ ಬರುತ್ತಾನೆ. ಆಗ ಅಂಗಳದ ಸಿಮೆಂಟು ಕಾದು ಕಣ್ಣು ಕುಕ್ಕುತ್ತಿರುತ್ತದೆ, ಬೆಳಕು ಆಕಾಶಕ್ಕಿಂತ ನೆಲದಿಂದಲೇ ಜಾಸ್ತಿ ಬರುತ್ತದೆ. ನೆಲದಿಂದ ಬಂದ ಬೆಳಕು ಗದ್ದದ ಕೆಳಗೆ, ಮೂಗಿನ ಹೊಳ್ಳೆಯೊಳಗೆ ಬಿದ್ದು ಮುಖವನ್ನೇ ಬೇರೆ ಮಾಡಿಬಿಡುತ್ತದೆ. ಬೇರೆ ಹೊತ್ತಿನಲ್ಲೂ ಅಂಗಳ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದರೆ ಒಂದೆರಡು ಕೊಡ ನೀರು ಚೆಲ್ಲಿ. ಒದ್ದೆಯಾದ ಸಿಮೆಂಟು ಕಪ್ಪಾಗುತ್ತದೆ, ಕೆಳಗಿನ ಬೆಳಕು ತಗ್ಗುತ್ತದೆ. ನೀರಿಗೆ ತಾಪತ್ರಯ ಇದ್ದರೆ ಹಳೆಯ ಕೌದಿಯೊಂದನ್ನು ಹಾಸಿದರೂ ಆಯಿತು.

ಮಳೆಗಾಲದ ಮೋಡದ ದಿನ ಸಿಕ್ಕರೆ ಬಿಡಬೇಡಿ. ದಿನವಿಡೀ ಬೆಳಕು ಒಂದೇ ಸಮ ಇರುತ್ತದೆ.

ಹೊಸ್ತಿಲಿನಿಂದ ಎಷ್ಟು ಒಳಗೆ?

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಿ ನೋಡುವುದಿದ್ದರೆ ಇದನ್ನು ಮಾಡಿ. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ಮುಖದ ಮುಂದೆ ಹಿಡಿಯಿರಿ. ಅಂಗಳದಲ್ಲಿ, ಬಾಗಿಲಿನ ಹೊರಗೆ, ಬೀದಿಗೆ ಮುಖ ಮಾಡಿ ನಿಲ್ಲಿ. ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಾ ಮನೆಯೊಳಗೆ ಬನ್ನಿ. ಕಣ್ಣಿನ ಗುಳಿಯನ್ನೇ ನೋಡುತ್ತಿರಿ. ಹೊರಗಿದ್ದಾಗ ಅದು ಕಪ್ಪಗಿರುತ್ತದೆ, ಯಾಕೆಂದರೆ ಬೆಳಕು ತಲೆಯ ಮೇಲಿನ ಆಕಾಶದಿಂದ ಬರುತ್ತಿದೆ. ಹೊಸ್ತಿಲು ದಾಟಿ ಒಳಗೆ ಬಂದಂತೆ ಬಾಗಿಲ ಮೇಲಿನ ಚೌಕಟ್ಟು ಆ ಆಕಾಶವನ್ನು ಮುಚ್ಚುತ್ತದೆ. ಈಗ ಬೆಳಕು ಎದುರಿನಿಂದ ಬರತೊಡಗುತ್ತದೆ. ಒಂದು ಜಾಗದಲ್ಲಿ ಗುಳಿ ತಟ್ಟನೆ ತಿಳಿಯಾಗಿ, ಕಣ್ಣಿನ ಕಪ್ಪುಗುಡ್ಡೆಯೊಳಗೆ ಬಾಗಿಲಿನ ಆಕಾರದ ಸಣ್ಣ ಬೆಳ್ಳನೆಯ ಚೌಕ ಮೂಡುತ್ತದೆ. ಅಲ್ಲೇ ನಿಂತುಬಿಡಿ. ಸಾಮಾನ್ಯವಾಗಿ ಅದು ಹೊಸ್ತಿಲಿನಿಂದ ಎರಡರಿಂದ ಮೂರಡಿ ಒಳಗಿರುತ್ತದೆ.

ಇನ್ನೂ ಹಿಂದೆ ಹೋದರೆ ಏನಾಗುತ್ತದೆ ಅನ್ನುವುದನ್ನೂ ನೋಡಿ. ಬೆಳಕು ಬೇಗ ಬೇಗ ಕಡಿಮೆಯಾಗುತ್ತದೆ. ಬಾಗಿಲಿನಿಂದ ದೂರ ಎರಡು ಪಟ್ಟಾದರೆ ಬೆಳಕು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಬಾಗಿಲ ತೀರಾ ಹತ್ತಿರ ಈ ಲೆಕ್ಕ ಅಷ್ಟು ಕಟ್ಟುನಿಟ್ಟಲ್ಲ, ಆದರೆ ಕೋಣೆಯ ಒಳಗೆ ಹೋದಂತೆ ನಿಜವಾಗುತ್ತದೆ. ಕ್ಯಾಮೆರಾ ಆ ಕೊರತೆ ತುಂಬಲು ಹೋಗಿ ಫೋಟೊದಲ್ಲಿ ರವೆ ಉದುರಿಸಿದಂತೆ ಕಾಳುಕಾಳು ಕಾಣಿಸುತ್ತದೆ, ಕೂದಲಿನ ಎಳೆಗಳು ಕಲಸಿಹೋಗುತ್ತವೆ.

ಓಣಿ ಇಕ್ಕಟ್ಟಾಗಿದ್ದು ಎದುರು ಮನೆಯ ಗೋಡೆಯೇ ಕಣ್ಣಿಗೆ ಬೀಳುತ್ತಿದ್ದರೆ, ನಿಲ್ಲುವ ಬದಲು ಸ್ಟೂಲಿನ ಮೇಲೆ ಕುಳಿತುಕೊಳ್ಳಿ. ತಲೆ ಕೆಳಗಿಳಿದಾಗ ಬಾಗಿಲಿನ ಮೇಲ್ಭಾಗದಿಂದ ಸ್ವಲ್ಪ ಆಕಾಶ ಕಾಣಿಸುತ್ತದೆ. ಬೆಳಕು ಸುಮಾರು 40 ಡಿಗ್ರಿ ಓರೆಯಾಗಿ ಮೇಲಿನಿಂದ ಬರುತ್ತದೆ. ಮುಖದ ಆಕಾರ ಚೆನ್ನಾಗಿ ಕಾಣುವುದು ಇಂಥ ಓರೆಯಲ್ಲೇ. ಎದುರು ಗೋಡೆಯ ಬಣ್ಣವನ್ನೂ ಗಮನಿಸಿ. ಬೀದರಿನ ಹಳೆಯ ಓಣಿಗಳಲ್ಲಿ ಎದುರಿಗೆ ಕೆಂಪು ಕಲ್ಲಿನ ಗೋಡೆ ಇದ್ದು ಅದರ ಮೇಲೆ ಬಿಸಿಲು ಬಿದ್ದಿದ್ದರೆ, ಆ ಕೆಂಪು ನಿಮ್ಮ ಮುಖಕ್ಕೂ ಬರುತ್ತದೆ. ಆ ಗೋಡೆಯ ಮೇಲಿನ ಬಿಸಿಲು ಸರಿಯುವವರೆಗೆ ಕಾಯಿರಿ.

ದೀಪ ಆರಿಸಿ

ಒಳಗಿನ ಟ್ಯೂಬ್‌ಲೈಟ್, ಬಲ್ಬು, ದೇವರ ಮನೆಯ ಮಿಣಮಿಣ ಸರ, ಟಿವಿ ಎಲ್ಲವನ್ನೂ ಆರಿಸಿ. ಹಗಲಿನ ಬೆಳಕಿನ ಬಣ್ಣ ಬೇರೆ, ಬಲ್ಬಿನದು ಬೇರೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ಸರಿಯಾಗಿ, ಇನ್ನೊಂದು ಹಳದಿಯಾಗಿ ಬರುತ್ತದೆ. ಆಮೇಲೆ ಎಡಿಟ್ ಮಾಡಿ ಹಳದಿ ತೆಗೆಯಲು ಹೋದರೆ ಸರಿಯಿದ್ದ ಕೆನ್ನೆ ನೀಲಿಯಾಗುತ್ತದೆ. ಕೆಲವು ಅಗ್ಗದ ಎಲ್‌ಇಡಿ ದೀಪಗಳು ನಮ್ಮ ಕಣ್ಣಿಗೆ ಕಾಣದ ಹಾಗೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು ಕಂಡರೆ ಅದು ಇದರದೇ ಕೆಲಸ, ಮೊಬೈಲ್ ಕೆಟ್ಟಿಲ್ಲ.

ಒಂದು ಮನೆ, ಒಂದು ಫೋಟೊ

ನನ್ನ ಅಕ್ಕನ ಮಗ ಬಿಕಾಂ ಮುಗಿಸಿ ಪುಣೆಯ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದ. ಅವರ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ, ಹಳೆಯ ಮನೆ. ಪೂರ್ವದ ಬಾಗಿಲು, ಅದರಾಚೆ ಸಣ್ಣ ಅಂಗಳ. ಪಡಸಾಲೆಗೆ ಶಹಾಬಾದ್ ಫರಸಿ ಹಾಸಿದೆ. ಗೋಡೆಗೆ ತಿಳಿ ಹಸಿರು ಎಣ್ಣೆ ಬಣ್ಣ. ನಮ್ಮ ಕಡೆಯ ಎಷ್ಟೋ ಮನೆಗಳ ಹಾಗೇ ಅಲ್ವಾ. ಹಾಗಾಗಿ ಅಲ್ಲಿ ಮಾಡಿದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮಧ್ಯಾಹ್ನ ನಾಲ್ಕರ ಹೊತ್ತು. ಅವನನ್ನು ಹೊಸ್ತಿಲಿನಿಂದ ಮೂರಡಿ ಒಳಗೆ ಸ್ಟೂಲಿನ ಮೇಲೆ ಕೂರಿಸಿದೆ. ಪೂರ್ತಿ ಬಾಗಿಲಿಗೆ ಎದುರಾಗಿ ಕೂತಾಗ ಮುಖ ಚಪ್ಪಟೆಯಾಗಿ ಕಂಡಿತು. ಎರಡೂ ಕೆನ್ನೆಗೆ ಬೆಳಕು ಸಮ ಬಿದ್ದರೆ ಹಾಗಾಗುತ್ತದೆ. ಸ್ಟೂಲನ್ನು ತಿರುಗಿಸಿ ಅವನ ಎಡ ಭುಜ ಬಾಗಿಲ ಕಡೆ ಬರುವಂತೆ ಓರೆಯಾಗಿ ಕೂರಿಸಿದೆ. ಮುಖ ಮಾತ್ರ ಕ್ಯಾಮೆರಾದ ಕಡೆ. ನಾನು ಬಾಗಿಲ ಚೌಕಟ್ಟಿನ ಪಕ್ಕಕ್ಕೆ ನಿಂತೆ. ಬಾಗಿಲಿನ ನಡುವೆ ನಿಂತರೆ ತೆಗೆಯುವವರ ಮೈಯೇ ಬೆಳಕಿಗೆ ಅಡ್ಡವಾಗುತ್ತದೆ. ಇದನ್ನು ಎಷ್ಟು ಜನ ಮರೆಯುತ್ತಾರೆ ಅಂದರೆ, ಬಾಗಿಲ ಬೆಳಕು ಸಾಲುವುದಿಲ್ಲ ಅನ್ನುವವರಲ್ಲಿ ಅನೇಕರು ತಾವೇ ಅದನ್ನು ಮುಚ್ಚಿ ನಿಂತಿರುತ್ತಾರೆ.

ಈಗ ಎಡ ಕೆನ್ನೆ ಬೆಳಗಿತು, ಮೂಗಿನ ನೆರಳು ಬಲ ಕೆನ್ನೆಯ ಮೇಲೆ ಮೆತ್ತಗೆ ಬಿತ್ತು. ಆ ನೆರಳು ಚಿಕ್ಕದಾಗಿದ್ದು ಕೆನ್ನೆಯಲ್ಲೇ ಮುಗಿಯಬೇಕು. ತುಟಿಯ ಮೇಲೆ ಇಳಿದು ಬಂದರೆ ಬೆಳಕು ತೀರಾ ಮೇಲಿದೆ ಎಂದರ್ಥ, ಇನ್ನರ್ಧ ಅಡಿ ಒಳಗೆ ಸರಿಯಬೇಕು. ಇಲ್ಲಿ ಅದು ಸರಿಯಿತ್ತು. ಆದರೆ ಬಲ ದವಡೆಯ ಕೆಳಗೆ ಹಸಿರು ಛಾಯೆ ಕಂಡಿತು. ಬಲಕ್ಕೆ ಎರಡಡಿ ದೂರದಲ್ಲಿದ್ದ ಹಸಿರು ಗೋಡೆ ಬೆಳಕನ್ನು ತಿರುಗಿಸಿ ಎಸೆಯುತ್ತಿತ್ತು. ಎಣ್ಣೆ ಬಣ್ಣಕ್ಕೆ ಹೊಳಪಿರುವುದರಿಂದ ಈ ಕಾಟ ಇನ್ನೂ ಜಾಸ್ತಿ. ಫೋಟೊದಲ್ಲಿ ಮುಖದ ಒಂದೇ ಬದಿಗೆ ಬಂದ ಬಣ್ಣವನ್ನು ಮೊಬೈಲಿನ ಯಾವ ಫಿಲ್ಟರೂ ಚೆನ್ನಾಗಿ ತೆಗೆಯುವುದಿಲ್ಲ, ಹಾಗಾಗಿ ಅಲ್ಲೇ ತಡೆಯಬೇಕು. ಮಾವನ ಒಗೆದ ಬಿಳಿ ಧೋತರವನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿ, ಆ ಕುರ್ಚಿಯನ್ನು ಅವನ ಬಲಕ್ಕೆ, ಫ್ರೇಮಿಗೆ ಸಿಗದ ಹಾಗೆ ಇಟ್ಟೆವು. ಒಂದೇ ಏಟಿಗೆ ಎರಡು ಕೆಲಸ ಆಯಿತು. ಹಸಿರು ಮುಚ್ಚಿತು, ಬಿಳಿ ಬಟ್ಟೆಯಿಂದ ಹೊರಳಿದ ಬೆಳಕು ಬಲ ಕೆನ್ನೆಯ ನೆರಳನ್ನು ತಿಳಿಯಾಗಿಸಿತು. ಧೋತರ ಇಲ್ಲದಿದ್ದರೆ ಥರ್ಮಾಕೋಲ್ ಹಾಳೆ ಅಥವಾ ಡ್ರಾಯಿಂಗ್ ಶೀಟು ಸಾಕು. ಕುರ್ಚಿಯನ್ನು ಹತ್ತಿರ ತಂದರೆ ನೆರಳು ಕಡಿಮೆ, ದೂರ ಒಯ್ದರೆ ಜಾಸ್ತಿ. ಪೂರ್ತಿ ಅಳಿಸಬೇಡಿ. ಸ್ವಲ್ಪ ನೆರಳು ಉಳಿದರೇ ಮುಖಕ್ಕೆ ಆಕಾರ.

ನೆಲದ ಬಗ್ಗೆ ಏನೂ ಮಾಡಬೇಕಾಗಲಿಲ್ಲ. ಶಹಾಬಾದ್ ಕಲ್ಲು ಬೂದು ಬಣ್ಣದ್ದು. ಅದರಿಂದ ಹೊರಳಿದ ಬೆಳಕಿಗೆ ಬಣ್ಣ ಅಂಟುವುದಿಲ್ಲ. ಕೆಂಪು ಗಾರೆ ಅಥವಾ ಬಣ್ಣದ ಟೈಲ್ಸ್ ಇರುವ ಮನೆಗಳಲ್ಲಿ ಕಾಲ ಬಳಿ ಒಂದು ಬಿಳಿ ಅಥವಾ ಬೂದು ಚಾದರ ಹಾಸಿಕೊಳ್ಳಬೇಕು.

ಹಿನ್ನೆಲೆ: ದೂರವೇ ಬಣ್ಣ

ಬಾಗಿಲ ಬಳಿ ಕೂತಾಗ ಹಿಂದಿನ ಕೋಣೆ ತಾನಾಗಿಯೇ ಕತ್ತಲಾಗುತ್ತದೆ. ಹತ್ತು ಹನ್ನೆರಡು ಅಡಿ ಹಿಂದಿರುವ ಕಪಾಟು, ಚೀಲ, ಹಾಸಿಗೆ ಎಲ್ಲ ಮಸುಕಾಗಿ ಹಿಂದೆ ಸರಿಯುತ್ತವೆ. ಆದರೂ ಹೊಳೆಯುವ ವಸ್ತು ಕತ್ತಲಲ್ಲೂ ಕಣ್ಣಿಗೆ ಹೊಡೆಯುತ್ತದೆ. ಸ್ಟೀಲ್ ಸಾಮಾನಿನ ಸ್ಟ್ಯಾಂಡು, ಗಾಜಿನ ಚೌಕಟ್ಟಿನ ಫೋಟೊ, ಹಿಂದಿನ ಕಿಟಕಿ, ತಾರೀಖು ದೊಡ್ಡದಾಗಿ ಅಚ್ಚಾದ ಕ್ಯಾಲೆಂಡರ್ ಇಂಥವು. ನಾನು ಕ್ಯಾಲೆಂಡರ್ ತೆಗೆಯಲು ಹೋದಾಗ ಅಕ್ಕ, “ಇರ್ಲಿ ಬಿಡು ತಮ್ಮಾ, ಅದರಾಗ ಶರಣಬಸವೇಶ್ವರರ ಫೋಟೊ ಅದ” ಅಂದಳು. ಅವಳ ಮಾತೂ ಖರೆ. ಕ್ಯಾಲೆಂಡರನ್ನು ಮುಟ್ಟದೆ, ಅದರ ಮುಂದೆ ಬಟ್ಟೆ ಕಟ್ಟಿದೆವು.

ಬಟ್ಟೆ ಕಟ್ಟಲು ಇನ್ನೊಂದು ಕಾರಣವೂ ಇತ್ತು. ಅವನ ಕೂದಲು ಕಪ್ಪು, ಹಿಂದಿನ ಕತ್ತಲೂ ಕಪ್ಪು. ತಲೆ ಎಲ್ಲಿ ಮುಗಿಯಿತು, ಕೋಣೆ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ನಮ್ಮಂಥ ಕಪ್ಪು ಕೂದಲಿನವರಿಗೆ ಹಿನ್ನೆಲೆ ಪೂರ್ತಿ ಕಪ್ಪೂ ಬೇಡ, ಪೂರ್ತಿ ಬಿಳಿಯೂ ಬೇಡ, ನಡುವಿನ ಬೂದು ಬೇಕು. ಬೂದು ಬಟ್ಟೆ ಹುಡುಕಿಕೊಂಡು ಸೂಪರ್ ಮಾರ್ಕೆಟ್‌ಗೆ ಹೋಗಬೇಕಾಗಿಲ್ಲ. ಮನೆಯಲ್ಲಿರುವ ಬಿಳಿ ಚಾದರವೇ ಬೂದಾಗುತ್ತದೆ. ಅವನ ಬೆನ್ನಿನಿಂದ ಐದಡಿ ಹಿಂದೆ, ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಅಚ್ಚಿಲ್ಲದ ಬಿಳಿ ಹತ್ತಿ ಚಾದರವನ್ನು ಇಳಿಬಿಟ್ಟೆವು. ಬಾಗಿಲ ಬೆಳಕು ಅಲ್ಲಿಗೆ ಮುಟ್ಟುವ ಹೊತ್ತಿಗೆ ಕಡಿಮೆಯಾಗಿರುತ್ತದೆ, ಅದಕ್ಕೇ ಫೋಟೊದಲ್ಲಿ ಬಿಳಿ ಬಟ್ಟೆ ತಿಳಿ ಬೂದಾಗಿ ಬರುತ್ತದೆ. ಬಟ್ಟೆಯನ್ನು ಇನ್ನೆರಡು ಅಡಿ ಹಿಂದಕ್ಕೆ ಒಯ್ದರೆ ಬೂದು ಗಾಢವಾಗುತ್ತದೆ. ಮೂರಡಿಗೆ ತಂದರೆ ಬೆಳ್ಳಗಾಗುತ್ತದೆ. ಒಂದೇ ಚಾದರದಲ್ಲಿ ನಿಮ್ಮ ಅಂಗಿಗೆ ಒಪ್ಪುವ ಹಿನ್ನೆಲೆ ಆರಿಸಿಕೊಳ್ಳಬಹುದು. ಅಂಗಿ ಬಿಳಿ ಇದ್ದರೆ ಗಾಢ ಬೂದು, ಅಂಗಿ ಕಡು ನೀಲಿ ಇದ್ದರೆ ತಿಳಿ ಬೂದು.

ಚಾದರದ ಮಡಿಕೆಗಳು ಎದ್ದು ಕಾಣುತ್ತವೆ. ಇಸ್ತ್ರಿ ಮಾಡಿ. ಕಟ್ಟಿದ ಮೇಲೂ ಉಳಿದ ಸುಕ್ಕಿಗೆ ಕೈಯಿಂದ ನೀರು ಚಿಮುಕಿಸಿ, ಕೆಳಗಿನ ಅಂಚನ್ನು ಎಳೆದು ಎರಡು ಇಟ್ಟಿಗೆ ಇಡಿ. ನಮ್ಮ ಬಿಸಿಲಿಗೆ ಹತ್ತು ನಿಮಿಷದಲ್ಲಿ ಒಣಗಿ ಸಪಾಟಾಗುತ್ತದೆ. ಫ್ಯಾನ್ ಮಾತ್ರ ಫೋಟೊ ತೆಗೆಯುವಾಗ ಆರಿಸಿ, ಬಟ್ಟೆ ಅಲೆಯಾಡಿದರೆ ನೆರಳಿನ ಗೆರೆ ಬೀಳುತ್ತದೆ. ಮಿರಮಿರ ಮಿಂಚುವ ರೇಷ್ಮೆ, ಸ್ಯಾಟಿನ್ ಬಟ್ಟೆ ಬೇಡವೇ ಬೇಡ.

ಈ ಬಗೆಗೆ ಒಂದು ಮಿತಿ ಇದೆ. ಕೆಲವು ಸರ್ಕಾರಿ ಅರ್ಜಿಗಳು ಪೂರ್ತಿ ಬಿಳಿ ಹಿನ್ನೆಲೆ ಕೇಳುತ್ತವೆ. ಅದಕ್ಕೆ ಚಾದರಕ್ಕೇ ಬೇರೆ ಬೆಳಕು ಬೇಕು. ಹಿಂದೆ ಇನ್ನೊಂದು ಬಾಗಿಲೋ ದೊಡ್ಡ ಕಿಟಕಿಯೋ ಇದ್ದು ಅದರ ಬೆಳಕು ಬಟ್ಟೆಗೆ ಪಕ್ಕದಿಂದ ಬೀಳುವಂತಿದ್ದರೆ ಆಗುತ್ತದೆ. ಇಲ್ಲದಿದ್ದರೆ ಆ ಒಂದು ಫೋಟೊಕ್ಕೆ ಸ್ಟುಡಿಯೊಕ್ಕೆ ಹೋಗುವುದೇ ವಾಸಿ.

ಮೊಬೈಲಿನ ಪೋರ್ಟ್ರೇಟ್ ಮೋಡ್ ಹಾಕಿ ಹಿನ್ನೆಲೆ ಮಸುಕು ಮಾಡಬಹುದಲ್ಲ ಎಂದು ಹಲವರು ಕೇಳುತ್ತಾರೆ. ಬಟ್ಟೆ ಕಟ್ಟಿದ ಮೇಲೆ ಅದರ ಅಗತ್ಯವೇ ಇರುವುದಿಲ್ಲ. ಕೂದಲಿನ ಅಂಚು, ಕಿವಿಯ ಝುಮಕಿ, ಕನ್ನಡಕದ ಕಡ್ಡಿ ಇವನ್ನೆಲ್ಲ ಮೊಬೈಲು ಹಿನ್ನೆಲೆ ಎಂದುಕೊಂಡು ಅರ್ಧ ಅಳಿಸಿರುತ್ತದೆ. ಫೋಟೊ ದೊಡ್ಡದು ಮಾಡಿ ಕಿವಿಯ ಸುತ್ತ ನೋಡಿದರೆ ಗೊತ್ತಾಗುತ್ತದೆ.

ಕ್ಯಾಮೆರಾಗೆ ಮೋಸ ಆಗುವುದು ಎಲ್ಲಿ

ಮೊಬೈಲು ತನ್ನ ಮುಂದಿನ ದೃಶ್ಯವನ್ನೆಲ್ಲ ಸೇರಿಸಿ ನಡುವಿನ ಬೂದಿಗೆ ತರಲು ನೋಡುತ್ತದೆ. ಹಿಂದೆ ಬಹಳ ಬಿಳುಪಿದ್ದರೆ ಬೆಳಕು ಜಾಸ್ತಿಯಾಯಿತು ಎಂದುಕೊಂಡು ಎಲ್ಲವನ್ನೂ ಕತ್ತಲು ಮಾಡುತ್ತದೆ, ಮುಖವೂ ಕಪ್ಪಾಗುತ್ತದೆ. ಹಿಂದೆ ಕತ್ತಲಿದ್ದರೆ ಎಲ್ಲವನ್ನೂ ಬೆಳಗಿಸಿ ಮುಖ ಸುಣ್ಣ ಬಳಿದಂತೆ ಮಾಡುತ್ತದೆ. ಹಾಗಾಗಿ ಪರದೆಯ ಮೇಲೆ ಮುಖದ ಜಾಗವನ್ನು ಒತ್ತಿ ಹಿಡಿಯಿರಿ. ಐಫೋನಿನಲ್ಲಿ AE/AF LOCK ಎಂದು ಬರುತ್ತದೆ, ಆಂಡ್ರಾಯ್ಡ್‌ಗಳಲ್ಲಿ ಹೆಚ್ಚಾಗಿ ಸಣ್ಣ ಬೀಗದ ಗುರುತು. ಪಕ್ಕದಲ್ಲಿ ಸೂರ್ಯನ ಗುರುತು ಬಂದರೆ ಅದನ್ನು ಬೆರಳಿನಿಂದ ಎಳೆದು ಬೆಳಕು ಹೆಚ್ಚು ಕಡಿಮೆ ಮಾಡಿ. ಹಣೆಯಲ್ಲಿ, ಬೆಳಕಿನ ಕಡೆಯ ಕೆನ್ನೆಯಲ್ಲಿ ಚರ್ಮದ ಬಣ್ಣ ಇನ್ನೂ ಕಾಣುತ್ತಿರಬೇಕು. ಬೆಳ್ಳನೆಯ ಮಚ್ಚೆ ಕಂಡರೆ ಇಳಿಸಿ. ನಮ್ಮ ಚರ್ಮದ ನಿಜವಾದ ಬಣ್ಣ ಬಹಳ ಚಂದ ಬರುವುದು ಸ್ವಲ್ಪ ಇಳಿಸಿದಾಗಲೇ. ಬ್ಯೂಟಿ ಮೋಡ್ ಇದ್ದರೆ ಪೂರ್ತಿ ತೆಗೆದುಬಿಡಿ.

ಬೆವರು, ಎಣ್ಣೆ ಹೊಳೆಯುವುದು ಬೇರೆ ವಿಷಯ. ಅದು ಎಷ್ಟು ಇಳಿಸಿದರೂ ಹೋಗುವುದಿಲ್ಲ. ಹತ್ತು ನಿಮಿಷ ಫ್ಯಾನಿನ ಕೆಳಗೆ ಕೂತು, ಹತ್ತಿ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಿಕೊಂಡು ಬನ್ನಿ.

ಹಿಂದಿನ ಕ್ಯಾಮೆರಾದಲ್ಲೇ ತೆಗೆಯಿಸಿ, ಅದಕ್ಕೂ ಮುಂಚೆ ಲೆನ್ಸ್ ಒರೆಸಿ. ತೆಗೆಯುವವರು ಐದಡಿ ದೂರ, ಕ್ಯಾಮೆರಾ ನಿಮ್ಮ ಕಣ್ಣಿನ ಮಟ್ಟದಲ್ಲಿ. 2x ಇದ್ದರೆ ಬಳಸಿ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದಕ್ಕೆ ಹೋಗಿ ಕಾಣುತ್ತದೆ. ಕನ್ನಡಕದಲ್ಲಿ ಬಾಗಿಲು ಪ್ರತಿಬಿಂಬಿಸಿ ಕಣ್ಣು ಮುಚ್ಚಿಹೋದರೆ, ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂದು ಕಾಳಿನಷ್ಟು ಎತ್ತಿ, ಗಾಜು ಕೆಳಮುಖವಾಗುವಂತೆ ಮಾಡಿ. ಪ್ರತಿಬಿಂಬ ಜಾರಿಹೋಗುತ್ತದೆ.

ತೆಗೆದ ಮೇಲೆ ಕಣ್ಣುಗಳನ್ನು ದೊಡ್ಡದು ಮಾಡಿ ನೋಡಿ. ಕಪ್ಪುಗುಡ್ಡೆಯ ಮೇಲ್ಭಾಗದಲ್ಲಿ, ಒಂದು ಪಕ್ಕಕ್ಕೆ, ಒಂದೇ ಒಂದು ಬೆಳ್ಳನೆಯ ಚೌಕ ಇರಬೇಕು. ಕೆಳಭಾಗದಲ್ಲಿದ್ದರೆ ಅಂಗಳದ ಬೆಳಕು ಇನ್ನೂ ಜಾಸ್ತಿ ಇದೆ. ಎರಡು ಮೂರು ಚುಕ್ಕೆ ಇದ್ದರೆ ಎಲ್ಲೋ ಒಂದು ದೀಪ ಉರಿಯುತ್ತಿದೆ. ಏನೂ ಇಲ್ಲದಿದ್ದರೆ ತೀರಾ ಒಳಗೆ ಕೂತಿದ್ದೀರಿ. ಅಕ್ಕನ ಮಗನ ಫೋಟೊದಲ್ಲಿ ಬಾಗಿಲಿನ ಜೊತೆಗೆ ಧೋತರದ ಕುರ್ಚಿಯೂ ಕಣ್ಣಿನ ಅಂಚಿನಲ್ಲಿ ಮಸುಕಾಗಿ ಕಂಡಿತು. ಅಷ್ಟು ನಡೆಯುತ್ತದೆ.

ಕೊನೆಗೆ ಚೌಕವಾಗಿ ಕ್ರಾಪ್ ಮಾಡಿ, ತಲೆಯ ಮೇಲೆ ಸ್ವಲ್ಪ ಜಾಗ ಬಿಡಿ, ಎದೆಯ ಮೇಲ್ಭಾಗದವರೆಗೆ ಬರಲಿ. ಲಿಂಕ್ಡ್‌ಇನ್ ಅದನ್ನು ದುಂಡಗೆ ತೋರಿಸುವುದರಿಂದ ನಾಲ್ಕು ಮೂಲೆಗಳೂ ಹೋಗುತ್ತವೆ. ಅಗಲ ಎತ್ತರ ಎರಡೂ 400 ಪಿಕ್ಸೆಲ್‌ಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ತೆಗೆದವರ ಮೊಬೈಲಿನಿಂದ ನಿಮ್ಮ ಮೊಬೈಲಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೊ ಎಂದು ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸಿ, ಕೂದಲಿನ ಎಳೆಗಳನ್ನೆಲ್ಲ ಕಲಸಿಬಿಡುತ್ತದೆ.